ಓದದೆ ಬಂದ ಒಪ್ಪಿಗೆ

ಆಲ್ದೂರಿನ ಬಸ್ ನಿಲ್ದಾಣದಿಂದ ಚಿಕ್ಕಮಗಳೂರು ಕಡೆಗೆ ನಾಲ್ಕು ಅಂಗಡಿ ದಾಟಿದರೆ ಗೊಬ್ಬರದ ಮಳಿಗೆಗೂ ಬೇಕರಿಗೂ ನಡುವೆ ಗಿರಿಜಾಂಬಾ ಅವರ ಗ್ರಂದಿಗೆ ಅಂಗಡಿ ಸಿಗುತ್ತದೆ. ಕರ್ಪೂರ, ವಿಭೂತಿ ಗಟ್ಟಿ, ರುದ್ರಾಕ್ಷಿ, ಲಿಂಗ ಕಟ್ಟಿಕೊಳ್ಳುವ ಶಿವದಾರ, ಮದುವೆಯ ಬಾಸಿಂಗ, ಗೃಹಪ್ರವೇಶದ ಸಾಮಾನು, ಎಲ್ಲವೂ ಅಲ್ಲಿವೆ. ಆದರೆ ಕೇಳಿದ ತಕ್ಷಣ ಕೊಡುವ ಅಭ್ಯಾಸ ಅವರಿಗಿಲ್ಲ. ಯಾವ ಪೂಜೆಗೆ, ಯಾರು ಮಾಡಿಸುವುದು, ಮನೆಯಲ್ಲಿ ಏನಿದೆ ಎಂದು ಮೊದಲು ವಿಚಾರಿಸುತ್ತಾರೆ. ಬೇಡದ ಸಾಮಾನನ್ನು ಕೇಳಿದವರಿಗೆ ಅದು ಬೇಡವೆಂದು ಹೇಳಿ ವಾಪಸ್ ಕಳಿಸಿದ್ದೂ ಉಂಟು. ಹೀಗೆ ಮಾಡಿದರೆ ವ್ಯಾಪಾರ ಆದ ಹಾಗೆಯೇ ಎಂದು ಗಂಡ ಚಂದ್ರಶೇಖರಪ್ಪ ಗೊಣಗುತ್ತಾರೆ. ಅವರದು ಪಕ್ಕದ ಬೀದಿಯಲ್ಲಿ ಕಾಫಿ, ಮೆಣಸು ಕೊಳ್ಳುವ ವ್ಯವಹಾರ. ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ.

ಗಿರಿಜಾಂಬಾ ಅವರಿಗೆ ಸಹನೆ ಕಡಿಮೆ. ಒಂದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಬೈಗುಳವೇ ಸಿಗುತ್ತಿತ್ತು. ಹೀಗೆ ಬೈಯುವುದನ್ನು ನೋಡಲಾಗದೆ ಮೈದುನನ ಮಗಳು ಕೃತಿಕಾ ಒಂದು ದಿನ ಅವರು ಹೇಳುತ್ತಿದ್ದುದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಕೇಳಲು ಬಂದವರಿಗೆ ಅದನ್ನೇ ತೋರಿಸಿದರಾಯಿತು ಎಂಬುದು ಅವಳ ಲೆಕ್ಕಾಚಾರ. ಅದು ಗೌರಿಹಬ್ಬದ ಬಾಗಿನಕ್ಕೆ ಏನೇನು ಬೇಕು ಎಂಬ ಪುಟ್ಟ ವಿಡಿಯೋ. ಬೈದಂತೆಯೇ ಕೇಳುವ ಅವರ ಮಾತು ಜನರಿಗೆ ಹಿಡಿಸಿತು. ‘ಪೂಜೆಗೆ ಮುಂಚೆ’ ಎಂಬ ಆ ಚಾನೆಲ್ಲಿಗೆ ಎರಡು ವರ್ಷದಲ್ಲಿ ಆಲ್ದೂರಿನ ಜನಸಂಖ್ಯೆಯನ್ನು ಮೀರಿಸುವಷ್ಟು ಚಂದಾದಾರರಾದರು. ಹಾಸನದಿಂದ, ದಾವಣಗೆರೆಯಿಂದ ಫೋನು ಬರತೊಡಗಿತು. ಒಮ್ಮೆ ದುಬೈಯಿಂದ ಯಾರೋ ಬಿಲ್ವಪತ್ರೆ ಸಿಗುವುದಿಲ್ಲ, ಬೇರೇನು ಇಡಬಹುದು ಎಂದು ಕೇಳಿದರು. ಆಗ ಗಿರಿಜಾಂಬಾ ಅವರಿಗೆ ಮೊದಲ ಬಾರಿಗೆ ಸ್ವಲ್ಪ ಭಯವಾಯಿತು. ಅಂಗಡಿಯ ಗಲ್ಲಾದ ಹಿಂದೆ ಕೂತು ಹೇಳಿದ್ದು ತಪ್ಪಾದರೆ ಮರುದಿನ ಅದೇ ಗಿರಾಕಿಗೆ ತಿದ್ದಿ ಹೇಳಬಹುದು. ಇದು ಹಾಗಲ್ಲ.

ಅದಕ್ಕೇ ನಿತ್ಯದ ಇಷ್ಟಲಿಂಗ ಪೂಜೆಯ ಬಗ್ಗೆ ವಿಡಿಯೋ ಮಾಡಬೇಕೆಂದಾಗ, ಬಾಯಿಗೆ ಬಂದಂತೆ ಹೇಳದೆ ಮೊದಲು ಬರೆದುಕೊಳ್ಳೋಣ, ಬರೆದದ್ದನ್ನು ತಿಳಿದವರೊಬ್ಬರಿಗೆ ತೋರಿಸೋಣ ಎಂದು ಅವರೇ ಹೇಳಿದರು. ಆ ವಿಡಿಯೋ ಬೇಕೆನಿಸಲು ಕಾರಣ ಶಿಲ್ಪಾ ಎಂಬ ಹುಡುಗಿ. ಕಡೂರು ಕಡೆಯಿಂದ ಮದುವೆಯಾಗಿ ಆಲ್ದೂರಿಗೆ ಬಂದು ವರ್ಷ ತುಂಬಿರಲಿಲ್ಲ. ಊದುಬತ್ತಿ ಕೊಳ್ಳುವ ನೆಪದಲ್ಲಿ ಬಂದು, ಬೇರೆ ಗಿರಾಕಿಗಳು ಹೋಗುವವರೆಗೂ ನಿಂತು, ಮುಟ್ಟಿನ ದಿನಗಳಲ್ಲಿ ಕೊರಳ ಲಿಂಗವನ್ನು ಬಿಚ್ಚಿ ದೇವರ ಮನೆಯ ಮೊಳೆಗೆ ನೇತುಹಾಕು ಎಂದು ಅತ್ತೆ ಹೇಳುತ್ತಾರೆ, ತವರಿನಲ್ಲಿ ಹಾಗೆ ಮಾಡಿದವಳಲ್ಲ, ಯಾವುದು ಸರಿ ಎಂದು ಕೇಳಿದಳು. ಅತ್ತೆ ಹೇಳಿದಂತೆ ಮಾಡು ಎಂದು ಗಿರಿಜಾಂಬಾ ಹೇಳಿ ಕಳಿಸಿದರು. ಅವರ ಅತ್ತೆಯೂ ಅವರಿಗೆ ಅದನ್ನೇ ಹೇಳಿದ್ದರು. ಮದುವೆಯಾದಂದಿನಿಂದ ಆರು ವರ್ಷದ ಹಿಂದೆ ಮುಟ್ಟು ನಿಲ್ಲುವವರೆಗೂ ಅವರು ಹಾಗೆಯೇ ಬಿಚ್ಚಿಡುತ್ತ ಬಂದವರು. ಆದರೆ ಹುಡುಗಿ ತಲೆ ತಗ್ಗಿಸಿಕೊಂಡು ಹೋದ ರೀತಿ ಮನಸ್ಸಿನಲ್ಲಿ ಉಳಿಯಿತು.

ಸ್ಕ್ರಿಪ್ಟ್ ತಯಾರಾಯಿತು. ಗಿರಿಜಾಂಬಾ ಹೇಳುತ್ತ ಹೋದರು, ಮೊಬೈಲು ತಾನೇ ಬರೆದುಕೊಂಡಿತು. ಚಿಕ್ಕಮಗಳೂರಿನ ಕಾಲೇಜಿಗೆ ಹೋಗುವ ಅವಸರದಲ್ಲಿ ಕೃತಿಕಾ ಅದನ್ನು ಒಂಬತ್ತು ಪುಟಗಳಿಗೆ ಹೊಂದಿಸಿದಳು. ಅವಳ ಅಪ್ಪ ಶಶಿಧರ್ ವಾಟ್ಸಾಪಿನಲ್ಲಿ ಬಂದ ಒಂದು ಪ್ಯಾರಾ ಕಳಿಸಿ ಅದನ್ನೂ ಸೇರಿಸಲು ಹೇಳಿದ. ಲಿಂಗದ ಕಪ್ಪು ಹೊದಿಕೆಯಲ್ಲಿ ಕಾಂತಶಕ್ತಿ ಇದೆ, ಅದನ್ನು ಅಂಗೈಯಲ್ಲಿ ಹಿಡಿದರೆ ರಕ್ತದೊತ್ತಡ ಇಳಿಯುತ್ತದೆ, ಇದನ್ನು ವಿಜ್ಞಾನಿಗಳೇ ಒಪ್ಪಿದ್ದಾರೆ ಎಂದು ಅದರಲ್ಲಿತ್ತು. ಮುಟ್ಟಿನ ದಿನಗಳಲ್ಲಿ ಪೂಜೆ ಬೇಡ, ಲಿಂಗವನ್ನು ಬಿಚ್ಚಿಡಿ ಎಂಬ ಮಾತು ಏಳನೆಯ ಪುಟದಲ್ಲಿತ್ತು. ಅದರ ಬಗ್ಗೆ ಕೃತಿಕಾ ತಕರಾರು ತೆಗೆದಳು. ಅವಳಿಗೆ ಶಾಸ್ತ್ರ ಗೊತ್ತಿರಲಿಲ್ಲ, ಮಾತು ಹಿಡಿಸಿರಲಿಲ್ಲ, ಅಷ್ಟೆ. ಅಯ್ಯನವರು ನೋಡಿ ಹೇಳುತ್ತಾರೆ, ಆಮೇಲೆ ನಿನ್ನ ವಾದ ಎಂದು ಗಿರಿಜಾಂಬಾ ಬಾಯಿ ಮುಚ್ಚಿಸಿದರು.

ಅಯ್ಯನವರೆಂದರೆ ಮಲ್ಲಂದೂರಿನ ಮರುಳಾರಾಧ್ಯರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಆಗಮ ಓದಿಕೊಂಡವರು. ಸುತ್ತಲಿನ ವೀರಶೈವ ಮನೆಗಳಲ್ಲಿ ಲಿಂಗಧಾರಣೆ, ಮದುವೆ, ಗೃಹಪ್ರವೇಶ ಎಲ್ಲಕ್ಕೂ ಅವರೇ. ಜೊತೆಗೆ ಎರಡೆಕರೆ ಕಾಫಿ. ಕೃತಿಕಾ ಅವರಿಗೊಂದು ಸಂದೇಶ ಬರೆದಳು:

“ಪೂಜ್ಯರಿಗೆ ನಮಸ್ಕಾರಗಳು. ನಮ್ಮ ಚಾನೆಲ್‌ನ ಮುಂದಿನ ವಿಡಿಯೋ ‘ನಿತ್ಯ ಇಷ್ಟಲಿಂಗ ಪೂಜೆ’ಯ ಸ್ಕ್ರಿಪ್ಟನ್ನು ಲಗತ್ತಿಸಲಾಗಿದೆ. ತಾವು ಒಮ್ಮೆ ಕಣ್ಣಾಡಿಸಿ ಆಶೀರ್ವದಿಸಬೇಕಾಗಿ ವಿನಂತಿ. ತಮ್ಮ ಹೆಸರನ್ನು ವಿಡಿಯೋದಲ್ಲಿ ಹಾಕಲಾಗುವುದು.”

ಗಿರಿಜಾಂಬಾ ಅದನ್ನು ಓದಿ, ಸರ್ಕಾರಿ ಕಾಗದದ ಹಾಗಿದೆ ಎಂದರು, ಆದರೂ ಕಳಿಸಲು ಹೇಳಿದರು. ಒಬ್ಬ ಗಿರಾಕಿಗೆ ಅರಿಶಿನ ಕುಂಕುಮ ಕಟ್ಟಿಕೊಡುವಷ್ಟರಲ್ಲಿ ಉತ್ತರ ಬಂತು. ಮೊದಲು ಕೈಮುಗಿದ ಚಿತ್ರ, ಆಮೇಲೆ “ಬಹಳ ಚೆನ್ನಾಗಿದೆ. ಶುಭವಾಗಲಿ.”

ಗಿರಿಜಾಂಬಾ ಅವರಿಗೆ ಸಂತೋಷವಾಯಿತು. ಸಂಜೆ ಗಂಡನಿಗೆ ತೋರಿಸಿದರು. ಚಂದ್ರಶೇಖರಪ್ಪ ಕನ್ನಡಕ ಏರಿಸಿ ಸಂದೇಶ ಹೋದ ಹೊತ್ತು, ಉತ್ತರ ಬಂದ ಹೊತ್ತು ಎರಡನ್ನೂ ನೋಡಿದರು.

“ಒಂಬತ್ತು ಪುಟನೂ ಇಷ್ಟ್ರೊಳಗೆ ಓದಿದ್ರಾ ಅಯ್ನೋರು?” ಎಂದರು.

ಆ ಮಾತಿಗೆ ಸಿಟ್ಟು ಬಂದು ಗಿರಿಜಾಂಬಾ ಸ್ಕ್ರಿಪ್ಟ್ ತೆರೆದು ತಾವೇ ಓದಲು ಕೂತರು. ಅಲ್ಲಿಯವರೆಗೂ ಅವರೂ ಓದಿರಲಿಲ್ಲ, ಹೇಳಿದ್ದಷ್ಟೆ. ಎರಡನೆಯ ಪುಟದಲ್ಲೇ ಕೈ ನಿಂತಿತು. ಲಿಂಗವನ್ನಿಡುವ ಬೆಳ್ಳಿಯ ಪುಟ್ಟ ಸಂಪುಟಕ್ಕೆ ಕರಡಿಗೆ ಎನ್ನುತ್ತಾರೆ. ಅವರು ಹೇಳಿದ್ದು ‘ಲಿಂಗವನ್ನು ಕರಡಿಗೆಯಿಂದ ಹೊರತೆಗೆಯಿರಿ’ ಎಂದು. ಮೊಬೈಲು ಬರೆದುಕೊಂಡದ್ದು ‘ಲಿಂಗವನ್ನು ಕರಡಿಯಿಂದ ಹೊರತೆಗೆಯಿರಿ’ ಎಂದು. ಕೆಳಗಿನ ಸಾಲಿನಲ್ಲಿ ಎಡ ಅಂಗೈ ಎಂದಿರಬೇಕಾದಲ್ಲಿ ಬಲ ಅಂಗೈ ಎಂದಿತ್ತು. ವಿಭೂತಿ ಹಚ್ಚಿಕೊಳ್ಳುವ ಮಾತು ಪೂಜೆ ಮುಗಿದ ಮೇಲೆ ಬಂದಿತ್ತು. ಇಷ್ಟೆಲ್ಲ ಅಯ್ಯನವರಿಗೆ ಬಹಳ ಚೆನ್ನಾಗಿ ಕಂಡಿತ್ತು.

ಕೃತಿಕಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಗಿರಿಜಾಂಬಾ ನಗಲಿಲ್ಲ. ಇದೇ ರೀತಿ ಹಾಕಿದ್ದರೆ ಊರೂರಿನ ಜನ ಅಂಗಡಿಗೆ ಬಂದು ಕರಡಿ ಕೇಳುತ್ತಿದ್ದರು, ಮೇಲೆ ಮರುಳಾರಾಧ್ಯರ ಹೆಸರೂ ಇರುತ್ತಿತ್ತು ಎಂದು ಊಟದ ಹೊತ್ತಿನವರೆಗೂ ಹೇಳಿದರು. ಮರುದಿನ ಮತ್ತೊಂದು ಸಂದೇಶ ಹೋಯಿತು: ತಾವು ಪೂರ್ತಿ ಓದಿದ್ದೀರಾ? ಅದಕ್ಕೆ ಉತ್ತರವಾಗಿ ನಂದಿಬೆಟ್ಟದ್ದೋ ಹಿಮಾಲಯದ್ದೋ ಸೂರ್ಯೋದಯದ ಚಿತ್ರ, ಶುಭೋದಯ. ಅದರ ಮರುದಿನ ಕಮಲದ ಹೂವು, ಶುಭೋದಯ. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ನಾಲ್ಕನೆಯ ಶುಭೋದಯ ಬಂದ ದಿನ ಗಿರಿಜಾಂಬಾ ಅಂಗಡಿಯನ್ನು ಕೆಲಸದ ಮುತ್ತಮ್ಮನಿಗೆ ಒಪ್ಪಿಸಿ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಮಲ್ಲಂದೂರಿನ ಬಸ್ಸು ಹತ್ತಿದರು.

ಹಣ್ಣು ಕೊಯ್ಯುವ ಕಾಲ. ಆರಾಧ್ಯರು ಲುಂಗಿ ಮೇಲೆ ಕಟ್ಟಿ, ತಲೆಗೆ ಟವೆಲು ಸುತ್ತಿ, ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣನ್ನು ಹಲಗೆಯಿಂದ ಕೆದಕುತ್ತಿದ್ದರು. ಕೊಯ್ಲಿಗೆ ಆಳು ಸಿಗುತ್ತಿಲ್ಲ, ಮೋಡ ಕಟ್ಟುತ್ತಿದೆ ಎಂದು ಮೊದಲು ಅದನ್ನೇ ಹೇಳಿದರು. ಅವರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದು ಆ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಬಂದಾಗ ಒಟ್ಟಿಗೇ ಸುರಿಯುವ ಸಂದೇಶಗಳಿಗೆಲ್ಲ ನಿಂತಲ್ಲೇ ಉತ್ತರಿಸಿ ಮುಗಿಸುತ್ತಿದ್ದರು.

ಗಿರಿಜಾಂಬಾ ಕಾಫಿ ಕುಡಿದ ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು.

“ಅಯ್ನೋರೇ, ನೀವು ಅದನ್ನ ಓದೇ ಇಲ್ಲ ಅಲ್ವಾ?”

“ಓದಿಲ್ಲ,” ಎಂದರು ಆರಾಧ್ಯರು, ಕೆದಕುವುದನ್ನು ನಿಲ್ಲಿಸದೆ.

“ಮತ್ತೆ ಚೆನ್ನಾಗಿದೆ ಅಂದ್ರಿ.”

“ನೀವು ಆಶೀರ್ವಾದ ಮಾಡಿ ಅಂದಿದ್ರಿ. ಮಾಡ್ದೆ. ತಪ್ಪು ಹುಡುಕಿ ಅಂತ ಎಲ್ಲಿ ಬರೆದಿದ್ರಿ?”

ಆರಾಧ್ಯರೂ ಬೇಸತ್ತೇ ಇದ್ದರು. ವಾರಕ್ಕೊಂದಾದರೂ ಇಂಥದ್ದು ಬರುತ್ತದೆ, ಜಾತಕದವರು, ದೇವಸ್ಥಾನ ತೋರಿಸುವವರು, ಹಾಡು ಹಾಕುವವರು ಎಲ್ಲರೂ ಕಳಿಸುತ್ತಾರೆ ಎಂದರು. ಕೆಲವರು ವಿಡಿಯೋ ಹಾಕಿದ ಮೇಲೆ ಸ್ಕ್ರಿಪ್ಟ್ ಕಳಿಸುತ್ತಾರಂತೆ. ಹಿಂದಿನ ವರ್ಷ ಒಬ್ಬನ ಬರಹವನ್ನು ಮೂರು ದಿನ ಕೂತು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟಿದ್ದರು. ಅವನು ಒಂದಕ್ಷರವನ್ನೂ ಬದಲಿಸದೆ, ವಿದ್ವಾಂಸರಾದ ಮರುಳಾರಾಧ್ಯರು ಪರಿಶೀಲಿಸಿದ್ದಾರೆ ಎಂದು ದಪ್ಪಕ್ಷರದಲ್ಲಿ ಹಾಕಿಬಿಟ್ಟ. ಮೂಡಿಗೆರೆಯಿಂದ ಒಬ್ಬರು ಫೋನು ಮಾಡಿ, ಇಷ್ಟೂ ಗೊತ್ತಿಲ್ಲದೆ ಹೇಗೆ ಪಾಠ ಮಾಡಿದಿರಿ ಎಂದು ಕೇಳಿದ್ದರಂತೆ. ಅಂದಿನಿಂದ ಎಲ್ಲರಿಗೂ ಕೈಮುಗಿದ ಚಿತ್ರವೇ.

“ಅವ್ನು ಮಾಡಿದ್ದಕ್ಕೆ ನಂಗೆ ಶಿಕ್ಷೆನಾ?” ಎಂದರು ಗಿರಿಜಾಂಬಾ. “ಬಿಡುವಿಲ್ಲ ಅಂದಿದ್ರೆ ಬೇರೆಯವ್ರನ್ನ ಕೇಳ್ತಿದ್ದೆ. ನೀವು ಚೆನ್ನಾಗಿದೆ ಅಂದ್ರೆ ನಾನು ಹಾಕ್ಬಿಡ್ತೀನಿ, ಜನ ಹಾಗೇ ಮಾಡ್ತಾರೆ.”

ಆರಾಧ್ಯರು ಹಲಗೆ ಒರಗಿಸಿ ನಿಂತರು. ಹಾಗಿದ್ದರೆ ಕೇಳುವ ಹಾಗೆ ಕೇಳಿ ಎಂದರು. ಎಲ್ಲಿ ಅನುಮಾನ ಇದೆಯೋ ಅದನ್ನು ಗುರುತು ಮಾಡಬೇಕು. ಯಾವ ಮಾತು ಎಲ್ಲಿಂದ ಬಂತೆಂದು ಬರೆಯಬೇಕು, ಅತ್ತೆ ಹೇಳಿದ್ದಾದರೆ ಅತ್ತೆ, ವಾಟ್ಸಾಪಾದರೆ ವಾಟ್ಸಾಪು. ನಾನು ಬೇಡವೆಂದದ್ದನ್ನು ತೆಗೆಯುತ್ತೀರೋ ಇಲ್ಲವೋ ಎಂಬುದನ್ನೂ ಮೊದಲೇ ಹೇಳಬೇಕು. ಮತ್ತೆ ನನಗೆ ಮೊಬೈಲಿನಲ್ಲಿ ಓದಲಾಗುವುದಿಲ್ಲ, ಕಾಗದದ ಮೇಲೆ ಬೇಕು, ಸಾಲುಗಳ ನಡುವೆ ಜಾಗ ಬಿಡಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾಂಬಾ ಅವರ ಸಿಟ್ಟು ಇಳಿಯಲಿಲ್ಲ. ಅಯ್ಯನವರ ಮಾತಿನಲ್ಲಿ ನ್ಯಾಯವಿದ್ದುದರಿಂದ ಇನ್ನಷ್ಟು ಏರಿತು. ಮನೆಗೆ ಬಂದು, ಈ ಸಲ ಕೃತಿಕಾಳಿಗೆ ಕೊಡದೆ, ತಾವೇ ಒಂದೊಂದಕ್ಷರ ಒತ್ತಿ ಬರೆದರು:

“ಮರುಳಾರಾಧ್ಯರಿಗೆ ಆಲ್ದೂರಿನ ಗಿರಿಜಾಂಬಾ ಮಾಡುವ ಶರಣು. ಇಷ್ಟಲಿಂಗ ಪೂಜೆಯ ವಿಡಿಯೋಗೆ ಬರೆದದ್ದನ್ನು ತಿದ್ದಿ, ಕಾಗದದಲ್ಲಿ ಮಾಡಿಸಿ, ನಾಳೆ ನಿಮ್ಮೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಇನ್ನೂ ಚಿತ್ರೀಕರಣ ಆಗಿಲ್ಲ. ಇದನ್ನು ನೋಡುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದವರು, ಮನೆಯಲ್ಲಿ ಹೇಳಿಕೊಡುವವರಿಲ್ಲದವರು. ನಾನು ಹೇಳಿದ ಹಾಗೆಯೇ ಮಾಡುತ್ತಾರೆ. ಆದ್ದರಿಂದ ತಪ್ಪಿದ್ದರೆ ತಪ್ಪು ಎಂದೇ ಬರೆಯಿರಿ, ಬೇಜಾರಿಲ್ಲ. ಪೂರ್ತಿ ಓದಲು ಆಗದಿದ್ದರೆ ಹಳದಿ ಬಣ್ಣ ಹಚ್ಚಿದ ಜಾಗಗಳನ್ನಾದರೂ ನೋಡಿ. ವಿಭೂತಿ, ಅಭಿಷೇಕ, ಪತ್ರೆ, ಧೂಪ, ದೀಪ, ನೈವೇದ್ಯದ ಕ್ರಮ ನಮ್ಮ ಮನೆಯಲ್ಲಿ ಮಾಡುವ ಹಾಗೆ ಬರೆದಿದ್ದೇನೆ, ಎಲ್ಲರಿಗೂ ಇದೇ ಸರಿಯೇ ಗೊತ್ತಿಲ್ಲ. ಮಂತ್ರದ ಉಚ್ಚಾರಣೆ ನೋಡಿ. ಕಾಂತಶಕ್ತಿಯ ಮಾತು ಮೈದುನನಿಗೆ ವಾಟ್ಸಾಪಿನಲ್ಲಿ ಬಂದದ್ದು. ಮುಟ್ಟಿನ ದಿನಗಳ ಮಾತು ನನ್ನ ಅತ್ತೆ ಹೇಳಿದ್ದು, ಅದಕ್ಕೆ ಶಾಸ್ತ್ರದ ಆಧಾರ ಇದೆಯೇ ಇಲ್ಲವೇ ತಿಳಿಸಬೇಕು. ನೀವು ಬೇಡ ಎಂದದ್ದನ್ನು ತೆಗೆಯುತ್ತೇನೆ. ನಿಮ್ಮ ಒಪ್ಪಿಗೆ ಇಲ್ಲದೆ ವಿಡಿಯೋನೂ ಹಾಕುವುದಿಲ್ಲ, ನಿಮ್ಮ ಹೆಸರೂ ಹಾಕುವುದಿಲ್ಲ. ಶಿವರಾತ್ರಿಗೆ ಮುಂಚೆ ಹಾಕಬೇಕೆಂದು ಆಸೆ. ಅಷ್ಟರೊಳಗೆ ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದು ಒಂದು ಮಾತು ತಿಳಿಸಿ. ಹೂವಿನ ಚಿತ್ರ ಬೇಡ.”

ಕೊನೆಯ ಸಾಲನ್ನು ತೆಗೆಯಬೇಕೆಂದು ಕೃತಿಕಾ ಕೈಮುಗಿದು ಕೇಳಿಕೊಂಡಳು. ಗಿರಿಜಾಂಬಾ ತೆಗೆಯಲಿಲ್ಲ.

ಉತ್ತರ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರ ಶಶಿಧರ್ ದಿನಾ ಬಂದು, ಇಷ್ಟೊತ್ತಿಗೆ ಬೇರೆ ಚಾನೆಲಿನವರು ಮೂರು ವಿಡಿಯೋ ಮಾಡಿದರು ಎನ್ನುವುದು, ಗಿರಿಜಾಂಬಾ ಹಾಗಾದರೆ ಅವರ ಹತ್ತಿರವೇ ಹೋಗು ಎನ್ನುವುದು ನಡೆಯಿತು. ಕೊನೆಗೊಂದು ಮಧ್ಯಾಹ್ನ ಮೊಬೈಲಿಗೆ ಸಾಲಾಗಿ ಫೋಟೋಗಳು ಬಂದವು. ಪ್ರತಿ ಪುಟವೂ ಕೆಂಪು ಶಾಯಿಯಲ್ಲಿ ತುಂಬಿತ್ತು. ಹೈಸ್ಕೂಲಿನ ಮೇಷ್ಟರು ಪೂರ್ತಿ ಎಚ್ಚೆತ್ತಿದ್ದರು.

ಕಾಂತಶಕ್ತಿಯ ಪ್ಯಾರಾಕ್ಕೆ ಅಡ್ಡಗೀಟು ಹಾಕಿ, ಯಾವ ವಿಜ್ಞಾನಿ, ಎಲ್ಲಿ ಹೇಳಿದ್ದು, ಹೆಸರು ಕೊಟ್ಟರೆ ಇಟ್ಟುಕೊಳ್ಳಿ ಎಂದು ಬರೆದಿದ್ದರು. ಪೂಜೆಯ ಕ್ರಮದಲ್ಲಿ ಮನೆಯಿಂದ ಮನೆಗೆ, ಗುರುಮನೆಯಿಂದ ಗುರುಮನೆಗೆ ಸಣ್ಣ ವ್ಯತ್ಯಾಸಗಳಿರುತ್ತವೆ, ‘ಹೀಗೇ ಮಾಡಬೇಕು’ ಎಂದಿರುವ ಕಡೆ ‘ನಮ್ಮಲ್ಲಿ ಹೀಗೆ, ನಿಮ್ಮ ಗುರುಗಳನ್ನು ಕೇಳಿ’ ಎಂದು ಮಾಡಿ ಎಂದಿತ್ತು. ಪಂಚಾಕ್ಷರಿಯಲ್ಲಿ ‘ನಮಃ’ದ ವಿಸರ್ಗವನ್ನು ನುಂಗಬಾರದು. ಬಿಲ್ವ ಸಿಗದಿದ್ದರೆ ಪೂಜೆ ನಿಲ್ಲುವುದಿಲ್ಲ, ನೀರೂ ಭಕ್ತಿಯೂ ಸಾಕು. ಏಳನೆಯ ಪುಟದ ಅಂಚಿನಲ್ಲಿ ಉದ್ದಕ್ಕೆ ಬರೆದದ್ದು ಇದು: ‘ಇದು ತಪ್ಪು. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳೂ ಲಿಂಗ ಧರಿಸಿದವರಿಗೆ ಇಲ್ಲ. ಧರಿಸಿದ ಲಿಂಗವನ್ನು ದೇಹದಿಂದ ಅಗಲಿಸಬಾರದು. ಆ ದಿನಗಳಲ್ಲೂ ಸ್ನಾನ ಮಾಡಿ ಪೂಜಿಸಬಹುದು. ಬಿಚ್ಚಿಡುವುದು ರೂಢಿ, ಶಾಸ್ತ್ರವಲ್ಲ.’

ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ‘ಈ ಭಾಗಕ್ಕೆ ಮಾತ್ರ ನನ್ನ ಹೆಸರು ಬೇಡ. ನಾನು ಹೋಗುವ ಮನೆಗಳಲ್ಲಿ ಹಿರಿಯರಿಗೆ ಬೇಸರವಾಗುತ್ತದೆ.’

ಗಿರಿಜಾಂಬಾ ಆ ಪುಟವನ್ನು ದೊಡ್ಡದು ಮಾಡಿ ಮಾಡಿ ಓದಿದರು. ಕೃತಿಕಾ ಗೆದ್ದವಳಂತೆ ಏನೋ ಹೇಳಲು ಬಂದವಳು ದೊಡ್ಡಮ್ಮನ ಮುಖ ನೋಡಿ ವಾಪಸು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಗಿರಿಜಾಂಬಾ, ಮಲ್ಲಂದೂರಿಗೆ ಹೋದಾಗ ಕೇಳಿ ಬರೆದುಕೊಂಡಿದ್ದ ಆರಾಧ್ಯರ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿದರು. ತೆಗೆದದ್ದು ಆರಾಧ್ಯರ ಹೆಂಡತಿ. ಅವರು ಕೊಪ್ಪಕ್ಕೆ ಗೃಹಪ್ರವೇಶಕ್ಕೆ ಹೋಗಿದ್ದಾರೆ ಎಂದರು. ಹಾಗೇ ಮಾತಿಗೆ ಮಾತು ಬಂದು ಯಾವ ವಿಚಾರವೆಂದು ಆಕೆ ಕೇಳಿದರು, ಗಿರಿಜಾಂಬಾ ಹೇಳಿದರು.

“ಅಯ್ಯೋ ಅದಾ,” ಎಂದರು ಆಕೆ ಸಹಜವಾಗಿ. “ನಾನು ಒಂದು ದಿನನೂ ಬಿಚ್ಚಿಟ್ಟೋಳಲ್ಲ. ನಮ್ಮನೇಲಿ ಆ ಪದ್ಧತಿನೇ ಇಲ್ಲ.”

ಗಿರಿಜಾಂಬಾ ಫೋನು ಇಟ್ಟರು. ಅವರ ಮದುವೆಯ ಹೊಸತರಲ್ಲಿ ಮನೆಯ ಪೂಜೆಗೆಲ್ಲ ಬರುತ್ತಿದ್ದವರು ಇದೇ ಮರುಳಾರಾಧ್ಯರ ತಂದೆ, ಆಮೇಲೆ ಇವರು. ಅವರು ನಡುಮನೆಯಲ್ಲಿ ಕೂತು ಪೂಜೆ ಮಾಡಿಸುವಾಗ ಎಷ್ಟೋ ಸಲ ಗಿರಿಜಾಂಬಾ ಹಿತ್ತಿಲ ಕೋಣೆಯಲ್ಲಿ ಕೂತಿದ್ದರು, ಲಿಂಗ ಮೊಳೆಯ ಮೇಲಿತ್ತು. ಸೊಸೆ ಎಲ್ಲಿ ಎಂದು ಅಯ್ಯನವರು ಕೇಳಿದರೆ, ಹೊರಗಾಗಿದ್ದಾಳೆ ಎಂದು ಅತ್ತೆ ಹೇಳುತ್ತಿದ್ದರು. ಸರಿ ಎನ್ನುತ್ತಿದ್ದರು ಅಯ್ಯನವರು. ಕೊರಳು ಬರಿದಾಗಿದ್ದ ಆ ದಿನಗಳಲ್ಲಿ ಕೈ ತಾನಾಗಿ ಎದೆಯ ಬಳಿ ಹೋಗಿ ಏನನ್ನೋ ಹುಡುಕುತ್ತಿದ್ದುದು ಅವರಿಗೆ ನೆನಪಿಗೆ ಬಂತು. ಅತ್ತೆಗೆ ತಿಳಿದಿರಲಿಲ್ಲ, ಅವರ ಮೇಲೆ ಸಿಟ್ಟಿಲ್ಲ. ಅಯ್ಯನವರಿಗೆ ತಿಳಿದಿತ್ತು.

ಚಂದ್ರಶೇಖರಪ್ಪ ರಾತ್ರಿಯ ಊಟಕ್ಕೆ ಕೂತಾಗ ವಿಷಯ ತಿಳಿದು, ಹೆಸರು ಹಾಕದೆ ಹಾಗೇ ಹಾಕಿಬಿಡು, ಅವರು ಹೇಳಿದ್ದಂತೂ ನಿಜವಷ್ಟೆ ಎಂದರು. ಗಿರಿಜಾಂಬಾ ಒಪ್ಪಲಿಲ್ಲ. ಗ್ರಂದಿಗೆ ಅಂಗಡಿಯ ಹೆಂಗಸೊಬ್ಬಳು ಹೇಳಿದರೆ ಶಿಲ್ಪಾಳ ಅತ್ತೆ ಕೇಳುವುದಿಲ್ಲ. ಆ ಮಾತಿಗೆ ಹೆಸರೇ ಬೇಕು. ಒಪ್ಪಿಗೆ ಇಲ್ಲದೆ ಹೆಸರು ಹಾಕುವುದಿಲ್ಲವೆಂದು ಮಾತು ಬೇರೆ ಕೊಟ್ಟಾಗಿದೆ. ಮರುದಿನ ಬೆಳಿಗ್ಗೆ ಆರಾಧ್ಯರಿಗೆ ಸಂದೇಶ ಕಳಿಸಿದರು: “ತಿದ್ದಿಕೊಟ್ಟದ್ದಕ್ಕೆ ಶರಣು. ಮುಖ್ಯವಾದ ಮಾತಿಗೇ ನಿಮ್ಮ ಹೆಸರಿಲ್ಲದ ಮೇಲೆ ವಿಡಿಯೋ ಹಾಕುವುದಿಲ್ಲ. ಇನ್ನು ಮೇಲೆ ಈ ವಿಚಾರ ಕೇಳಿ ನನ್ನ ಹತ್ತಿರ ಬರುವವರನ್ನು ನಿಮ್ಮ ಹತ್ತಿರವೇ ಕಳಿಸುತ್ತೇನೆ.”

ಅದಕ್ಕೆ ಉತ್ತರವಾಗಿ ಕೈಮುಗಿದ ಚಿತ್ರ ಬಂತು. ಗಿರಿಜಾಂಬಾ ಬರೆದದ್ದರ ಅರ್ಥ ಅಯ್ಯನವರಿಗೆ ಆಗ ಆಗಿರಲಿಕ್ಕಿಲ್ಲ.

ಗಿರಿಜಾಂಬಾ ಹೇಳಿದಂತೆಯೇ ಮಾಡಿದರು. ಲಿಂಗಧಾರಣೆಯ ಸಾಮಾನಿಗೆ, ಶಿವದಾರಕ್ಕೆ ಬಂದ ಹೆಂಗಸರಿಗೆಲ್ಲ ಆ ಪ್ರಶ್ನೆ ಇದೆಯೇ ಎಂದು ತಾವೇ ಕೇಳಿದರು. ಇದ್ದವರಿಗೆ ಮರುಳಾರಾಧ್ಯರ ಲ್ಯಾಂಡ್‌ಲೈನ್ ನಂಬರು ಬರೆದು ಕೊಟ್ಟರು. ಚಾನೆಲ್ಲಿಗೆ ಬರುವ ಫೋನುಗಳಿಗೂ ಅದನ್ನೇ ಹೇಳಿದರು. ಇಷ್ಟು ಜನ ಕೇಳುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. ಹೆಂಗಸರು ಕಾಯುತ್ತಿದ್ದವರಂತೆ ಕೇಳಿದರು. ಶಿಲ್ಪಾಳಿಗೂ ನಂಬರು ಹೋಯಿತು. ಅವಳು ಫೋನು ಮಾಡಿದ ದಿನ ಆರಾಧ್ಯರೇ ತೆಗೆದು, ಬಿಚ್ಚಬೇಕಾಗಿಲ್ಲಮ್ಮ ಎಂದರಂತೆ. ಹಾಗಾದರೆ ಅತ್ತೆಗೆ ಕೊಡುತ್ತೇನೆ, ಅವರಿಗೂ ಹೇಳಿ ಎಂದಳಂತೆ ಇವಳು. ಅಯ್ಯನವರು, ಈಗ ಊಟದ ಹೊತ್ತು, ಆಮೇಲೆ ಮಾಡಿ ಎಂದು ಇಟ್ಟುಬಿಟ್ಟರಂತೆ. ಇದನ್ನು ಕೇಳಿ ಗಿರಿಜಾಂಬಾ ತಲೆ ಚಚ್ಚಿಕೊಂಡರು. ಮರುದಿನ ಇನ್ನೂ ಹೆಚ್ಚು ಜನಕ್ಕೆ ನಂಬರು ಕೊಟ್ಟರು.

ತಿಂಗಳು ಕಳೆಯುವುದರೊಳಗೆ ಆರಾಧ್ಯರ ಫೋನು ಬಂತು. ದನಿಯಲ್ಲೇ ಸಾಕಾಗಿಹೋಗಿತ್ತು. ಕಾಫಿ ಮೂಟೆ ಕಟ್ಟುವುದಕ್ಕೂ ಬಿಡದೆ ಫೋನು ಹೊಡೆದುಕೊಳ್ಳುತ್ತದೆ, ಇದೇನಮ್ಮ ನೀವು ಮಾಡಿದ್ದು ಎಂದರು. ನೀವು ಹೋಗುವ ಮನೆಗಳ ಹಿರಿಯರಿಗೆ ಬೇಸರವಾಗಬಾರದಲ್ಲ, ಅದಕ್ಕೆ ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳಿ ಅಂತ ಕಳಿಸಿದೆ ಎಂದರು ಗಿರಿಜಾಂಬಾ. ಆ ಕಡೆ ಹೆಂಡತಿಯ ಮಾತೂ ಕೇಳಿಸುತ್ತಿತ್ತು. ದಿನಾ ಫೋನಿನಲ್ಲಿ ಒಪ್ಪುವುದನ್ನು ಒಂದು ಸಲ ಎಲ್ಲರೆದುರು ಹೇಳಿದರೆ ಏನು ಕಳೆದುಹೋಗುತ್ತದೆ ಎಂದು ಆಕೆ ಕೇಳುತ್ತಿದ್ದರು.

“ಅಯ್ನೋರೇ, ಒಂದ್ಮಾತು ಕೇಳ್ತೀನಿ,” ಎಂದರು ಗಿರಿಜಾಂಬಾ. ಈ ಸಲ ದನಿಯಲ್ಲಿ ಬಿರುಸಿರಲಿಲ್ಲ. “ನಾನು ಹಿತ್ಲ ಕೋಣೇಲಿ ಕೂತಿದ್ದಾಗ ನೀವು ನಡುಮನೇಲಿ ಇದ್ರಿ. ನಿಮ್ಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಗಿರಿಜಮ್ಮ,” ಎಂದರು ಆರಾಧ್ಯರು. “ಕೇಳ್ದೇ ಹೇಳೋಕೆ ನಂಗೆ ಧೈರ್ಯ ಇರ್ಲಿಲ್ಲ.”

ಅದರಿಂದ ಗಿರಿಜಾಂಬಾ ಅವರಿಗೆ ಸಮಾಧಾನವಾಗಲಿಲ್ಲ. ಕಳೆದದ್ದನ್ನು ಯಾರೂ ತಂದುಕೊಡುವಂತಿರಲಿಲ್ಲ. ಆದರೆ ಅಯ್ಯನವರು ಸುಳ್ಳು ಹೇಳಲಿಲ್ಲ ಎಂಬುದು ಅವರಿಗೆ ಮುಟ್ಟಿತು. ಅಂದು ಸಂಜೆ ಸಂದೇಶ ಬಂತು: “ಏಳನೆಯ ಪುಟವೂ ಸೇರಿದಂತೆ ಎಲ್ಲಕ್ಕೂ ನನ್ನ ಹೆಸರು ಹಾಕಿ. ಆ ಭಾಗವನ್ನು ನಾನೇ ಹೇಳುತ್ತೇನೆ. ಹಾಕುವ ಮೊದಲು ಪೂರ್ತಿ ವಿಡಿಯೋ ನನಗೆ ತೋರಿಸಿ.”

ಕೃತಿಕಾ ಮಲ್ಲಂದೂರಿಗೆ ಹೋಗಿ ಅವರು ಹೇಳಿದ್ದನ್ನು ಕಣದಲ್ಲೇ ಚಿತ್ರಿಸಿಕೊಂಡಳು. ಹಿಂದೆ ಮೂಟೆಗಳ ಸಾಲು. ಉಳಿದದ್ದನ್ನು ಗಿರಿಜಾಂಬಾ ದೇವರ ಮನೆಯಲ್ಲಿ ಕೂತು ಹೇಳಿದರು. ಶಶಿಧರ್ ಕಾಂತಶಕ್ತಿಗಾಗಿ ಕೊನೆಯವರೆಗೂ ಹೋರಾಡಿ ಸೋತ. ಜೋಡಿಸಿದ ವಿಡಿಯೋವನ್ನು ಆರಾಧ್ಯರು ಎರಡು ಸಲ ನೋಡಿ ಒಪ್ಪಿದರು. ಶಿವರಾತ್ರಿಗೆ ಎರಡು ದಿನ ಮೊದಲು ಅದು ಜನರೆದುರು ಬಂತು.

ಜಗಳವೂ ಆಯಿತು. ಕಾಮೆಂಟುಗಳಲ್ಲಿ ಗಂಡಸರು ಒಬ್ಬರಿಗೊಬ್ಬರು ಬೈದುಕೊಂಡರು. ಆಲ್ದೂರಿನ ಒಂದು ದೊಡ್ಡ ಮನೆಯವರು ಮಗಳ ಮದುವೆಗೆ ಬೇರೆ ಅಯ್ಯನವರನ್ನು ಗೊತ್ತು ಮಾಡಿದರು, ಸಾಮಾನನ್ನೂ ಚಿಕ್ಕಮಗಳೂರಿನಿಂದ ತಂದರು. ಶಿಲ್ಪಾಳ ಅತ್ತೆ ಟಿ.ವಿ.ಯಲ್ಲಿ ಹಾಕಿಸಿಕೊಂಡು ಪೂರ್ತಿ ನೋಡಿದರಂತೆ. ಮುಂದಿನ ತಿಂಗಳು ಆಕೆ ತಾವೇ ಅಂಗಡಿಗೆ ಬಂದು, ಸೊಸೆಯ ಲಿಂಗದ ದಾರ ಸವೆದಿದೆ, ಗಟ್ಟಿಯಾದದ್ದು ಕೊಡಿ, ದಿನಾ ಮೈಮೇಲಿರುವುದಲ್ಲವಾ ಎಂದರು. ಗಿರಿಜಾಂಬಾ ಯಾವ ಪ್ರಶ್ನೆಯನ್ನೂ ಕೇಳದೆ ಕೊಟ್ಟರು.

ವಿಡಿಯೋ ಹಾಕಿ ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಆರಾಧ್ಯರ ಸಂದೇಶ ಬಂತು. ಪೂಜೆ ಮುಗಿದ ಮೇಲೆ ಪಾದೋದಕ ಸ್ವೀಕರಿಸಿ ನಂತರ ಪ್ರಸಾದ ಎಂದಿರಬೇಕು, ನೀವು ಹಿಂದುಮುಂದು ಹೇಳಿದ್ದೀರಿ, ನಿನ್ನೆ ಮತ್ತೆ ನೋಡುವಾಗ ಗಮನಕ್ಕೆ ಬಂತು, ಬದಲಿಸಿ ಎಂದಿತ್ತು. ಹಾಕಿದ ವಿಡಿಯೋವನ್ನು ಹಾಗೆ ಬದಲಿಸಲು ಬರುವುದಿಲ್ಲ, ಬೇಕಾದರೆ ಆ ತುಂಡನ್ನು ಕತ್ತರಿಸಬಹುದು, ಇಲ್ಲವೇ ತೆಗೆದು ಹೊಸದಾಗಿ ಹಾಕಬೇಕು, ಆಗ ನೋಡಿದವರ ಲೆಕ್ಕವೂ ಕಾಮೆಂಟುಗಳೂ ಹೋಗುತ್ತವೆ ಎಂದು ಕೃತಿಕಾ ವಿವರಿಸಿದಳು. ಎರಡು ಸಲ ನೋಡಿ ಒಪ್ಪಿದ್ದು ಇವರೇ ಅಲ್ಲವಾ ಎಂದು ಗಿರಿಜಾಂಬಾ ಗಲ್ಲಾದ ಮೇಲೆ ಕೈ ಬಡಿದರು. ಕರ್ಪೂರ ಕೇಳಲು ಬಂದಿದ್ದ ಕೆಂಪಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವರು ಕನ್ನಡಕ ಹಾಕಿಕೊಂಡು, ಒಂದೊಂದಕ್ಷರ ಒತ್ತಿ, ವಿಡಿಯೋದ ಕೆಳಗಿನ ಕಾಮೆಂಟುಗಳಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ತಿದ್ದುಪಡಿ ಬರೆಯತೊಡಗಿದರು. ಕೆಂಪಯ್ಯ ಕರ್ಪೂರಕ್ಕಾಗಿ ಕಾದು ನಿಂತ.